ಹಿಂಜ್ ಇರುವ ಜಾಯಿಂಟ್‌ನಲ್ಲಿ ಎಷ್ಟು ಕಳೆಯಬೇಕು?

ಪ್ರಶ್ನೆ: ಸ್ಟ್ಯಾಟಿಕ್ ಇನ್‌ಡಿಟರ್ಮಿನಸಿ ಎಣಿಸುವಾಗ, ಫ್ರೇಮ್‌ನಲ್ಲಿ ಮೂರು ಮೆಂಬರ್ ಸೇರುವ ಕಡೆ ಹಿಂಜ್ ಇದ್ದರೆ ಕೆಲವರು 1 ಕಳೆಯುತ್ತಾರೆ, ಕೆಲವರು 2 ಕಳೆಯುತ್ತಾರೆ. ಯಾವುದು ಸರಿ? ಟ್ರಸ್‌ಗೆ ಬೇರೆ ಸೂತ್ರ ಯಾಕೆ? ಕೊನೆಗೆ ಸೊನ್ನೆ ಬಂದರೆ ಸ್ಟ್ರಕ್ಚರ್ ಡಿಟರ್ಮಿನೇಟ್ ಎಂದು ಬರೆಯಬಹುದೇ?

ಎರಡೂ ಸರಿಯಾಗಬಹುದು. ಹಿಂಜ್‌ನ ಸಣ್ಣ ವೃತ್ತವನ್ನು ಚಿತ್ರದಲ್ಲಿ ಎಲ್ಲಿ ಬರೆದಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ. ಒಂದೇ ಫ್ರೇಮನ್ನು ಕೊನೆಯವರೆಗೂ ಇಟ್ಟುಕೊಂಡು ವಿವರಿಸುತ್ತೇನೆ. ಜೊತೆಗೆ ಕಾಗದದ ಮೇಲೆ ಚಿತ್ರ ಬರೆದುಕೊಳ್ಳಿ.

ಒಂದು ಬೇ, ಎರಡು ಅಂತಸ್ತಿನ ಸಮತಲ ಫ್ರೇಮ್ ತೆಗೆದುಕೊಳ್ಳೋಣ. ಎಡಗಂಬದ ಬುಡ ಎ, ಬಲಗಂಬದ ಬುಡ ಬಿ, ಎರಡೂ ಫಿಕ್ಸೆಡ್. ಮೊದಲ ಅಂತಸ್ತಿನಲ್ಲಿ ಎಡಕ್ಕೆ ಸಿ, ಬಲಕ್ಕೆ ಡಿ. ಛಾವಣಿಯಲ್ಲಿ ಎಡಕ್ಕೆ ಇ, ಬಲಕ್ಕೆ ಎಫ್. ನಾಲ್ಕು ಕಂಬದ ತುಂಡುಗಳು, ಎರಡು ಬೀಮುಗಳು, ಒಟ್ಟು 6 ಮೆಂಬರ್‌ಗಳು. ಪ್ರತಿ ಮೆಂಬರ್‌ಗೆ ಆಕ್ಸಿಯಲ್, ಶಿಯರ್, ಮೊಮೆಂಟ್ ಎಂದು ಮೂರು ಅಜ್ಞಾತಗಳು, ಪ್ರತಿ ಜಾಯಿಂಟ್‌ನಲ್ಲಿ ಮೂರು ಸಮತೋಲನ ಸಮೀಕರಣಗಳು. ಮೆಂಬರ್‌ಗಳ ಸಂಖ್ಯೆ m, ಜಾಯಿಂಟ್‌ಗಳ ಸಂಖ್ಯೆ j, ಆಧಾರಗಳ ಪ್ರತಿಕ್ರಿಯೆಗಳ ಸಂಖ್ಯೆ r, ಫಿಕ್ಸೆಡ್ ಬುಡಕ್ಕೆ ಮೂರರಂತೆ ಇಲ್ಲಿ r = 6. ಹಿಂಜ್ ಯಾವುದೂ ಇಲ್ಲದಾಗ ಅಜ್ಞಾತಗಳಿಂದ ಸಮೀಕರಣಗಳನ್ನು ಕಳೆಯುವ ಲೆಕ್ಕ ಹೀಗಿರುತ್ತದೆ:

3m + r − 3j = 18 + 6 − 18 = 6

ಫ್ರೇಮ್ ನೆಲದೊಂದಿಗೆ ಸೇರಿ ಎರಡು ಮುಚ್ಚಿದ ಉಂಗುರಗಳಾಗಿವೆ. ಉಂಗುರಕ್ಕೆ ಮೂರರಂತೆ ಎಣಿಸಿದರೂ ಆರೇ ಬರುತ್ತದೆ. ಸೂತ್ರದಲ್ಲಿ ಎಣಿಕೆ ತಪ್ಪಿದೆಯೇ ಎಂದು ನೋಡಲು ನಾನು ಯಾವಾಗಲೂ ಈ ಎರಡನೆಯ ದಾರಿಯನ್ನೂ ಬಳಸುತ್ತೇನೆ.

ಈಗ ಸಿ ಜಾಯಿಂಟ್‌ಗೆ ಬನ್ನಿ. ಅಲ್ಲಿ ಕೆಳಗಿನ ಕಂಬ, ಮೇಲಿನ ಕಂಬ ಮತ್ತು ಬೀಮ್ ಸೇರುತ್ತವೆ. ವೃತ್ತವನ್ನು ಜಾಯಿಂಟ್‌ನಿಂದ ತುಸು ಸರಿಸಿ ಬೀಮಿನ ಮೇಲೆ ಬರೆದಿದ್ದರೆ, ಕಂಬ ಕೆಳಗಿನಿಂದ ಮೇಲಕ್ಕೆ ಅಖಂಡವಾಗಿ ಸಾಗುತ್ತದೆ ಮತ್ತು ಬೀಮಿನ ತುದಿಯಲ್ಲಿ ಮಾತ್ರ ಮೊಮೆಂಟ್ ಇರುವುದಿಲ್ಲ. ಆಗ ಕಳೆಯಬೇಕಾದದ್ದು 1, ಉಳಿಯುವುದು 5. ವೃತ್ತವು ಮೂರು ಗೆರೆಗಳು ಕೂಡುವ ಬಿಂದುವಿನ ಮೇಲೆಯೇ ಇದ್ದರೆ ಮೂರು ತುದಿಗಳೂ ಒಂದೇ ಪಿನ್ನಿನ ಸುತ್ತ ಸ್ವತಂತ್ರವಾಗಿ ತಿರುಗಬಲ್ಲವು. ಆಗ ಕಳೆಯಬೇಕಾದದ್ದು 2, ಉಳಿಯುವುದು 4.

ಮೂರು ತುದಿಗಳಲ್ಲೂ ಮೊಮೆಂಟ್ ಸೊನ್ನೆಯಾದ ಮೇಲೆ ಮೂರನ್ನು ಏಕೆ ಕಳೆಯಬಾರದು ಎಂಬ ಸಂದೇಹ ಬರುವುದು ಸಹಜ. ಆ ಜಾಯಿಂಟ್‌ನಲ್ಲಿ ಮೂರು ತುದಿಗಳ ಮೊಮೆಂಟ್‌ಗಳ ಮೊತ್ತ ಸೊನ್ನೆ ಎಂಬ ಸಮೀಕರಣವನ್ನು ನಾವು 3j ಎನ್ನುವಾಗಲೇ ಎಣಿಸಿಬಿಟ್ಟಿದ್ದೇವೆ. ಎರಡು ತುದಿಗಳ ಮೊಮೆಂಟ್ ಸೊನ್ನೆ ಎಂದು ಹೇಳಿದ ಕೂಡಲೇ ಮೂರನೆಯದು ಆ ಸಮೀಕರಣದಿಂದ ತಾನಾಗಿ ಸೊನ್ನೆಯಾಗುತ್ತದೆ, ಹೊಸ ಮಾಹಿತಿ ಏನೂ ಸೇರುವುದಿಲ್ಲ. ಆದ್ದರಿಂದ n ಮೆಂಬರ್‌ಗಳು ಕೂಡುವ ಪೂರ್ಣ ಹಿಂಜ್‌ಗೆ n − 1 ಕಳೆಯುತ್ತೇವೆ. ಸಾಫ್ಟ್‌ವೇರ್‌ನಲ್ಲಿ ಒಂದು ನೋಡ್‌ಗೆ ಬರುವ ಎಲ್ಲ ತುದಿಗಳಿಗೂ ಮೊಮೆಂಟ್ ರಿಲೀಸ್ ಕೊಟ್ಟಾಗ ಆ ನೋಡ್‌ನ ತಿರುಗುವಿಕೆಯ ದಿಕ್ಕಿನಲ್ಲಿ ಅಸ್ಥಿರತೆ ಇದೆ ಎಂಬ ಎಚ್ಚರಿಕೆ ಕಾಣಿಸುವುದಕ್ಕೂ ಇದೇ ಕಾರಣ: ನೋಡ್‌ನ ತಿರುಗುವಿಕೆಯನ್ನು ಹಿಡಿದಿಡಲು ಒಂದು ತುದಿಯಾದರೂ ಬೇಕು. ಒಂದನ್ನು ಬಿಟ್ಟು ಉಳಿದವಕ್ಕೆ ರಿಲೀಸ್ ಕೊಟ್ಟರೆ ಫಲಿತಾಂಶ ಪೂರ್ಣ ಹಿಂಜ್‌ನದೇ ಆಗಿರುತ್ತದೆ.

ಬುಡದಲ್ಲಿರುವ ಪಿನ್ನಿನ ವಿಷಯದಲ್ಲಿ ಎರಡು ಸಲ ಕಳೆಯುವ ತಪ್ಪು ಬಹಳ ಸಾಮಾನ್ಯ. ಆಧಾರ ಹಿಂಜ್ ಆಗಿದ್ದು, ಅದಕ್ಕೆ r ನಲ್ಲಿ 2 ಎಂದೇ ಹಾಕಿದ್ದು, ಅಲ್ಲಿಗೆ ಒಂದೇ ಮೆಂಬರ್ ಬರುತ್ತಿದ್ದರೆ ಇನ್ನೇನನ್ನೂ ಕಳೆಯುವಂತಿಲ್ಲ. ಮೊಮೆಂಟ್ ಇಲ್ಲವೆಂಬುದು ಆ 2 ರಲ್ಲಿಯೇ ಸೇರಿದೆ. ಶಿಯರ್ ರಿಲೀಸ್ ಅಥವಾ ಆಕ್ಸಿಯಲ್ ರಿಲೀಸ್ ಮೆಂಬರ್‌ನ ಮಧ್ಯದಲ್ಲಿದ್ದರೆ ಅದೂ ಒಂದು ಬಲವನ್ನು ಸೊನ್ನೆ ಮಾಡುವ ಒಂದು ಷರತ್ತು ಅಷ್ಟೇ, ಆದ್ದರಿಂದ ತಲಾ 1.

ಟ್ರಸ್‌ನ ಸೂತ್ರ ಬೇರೆಯದಲ್ಲ, ಇದೇ ಎಣಿಕೆಯಿಂದ ಹೊರಬರುತ್ತದೆ. ಟ್ರಸ್‌ನಲ್ಲಿ ಪ್ರತಿ ಜಾಯಿಂಟೂ ಪೂರ್ಣ ಹಿಂಜ್. ಎಲ್ಲ ಜಾಯಿಂಟ್‌ಗಳ n ಗಳನ್ನು ಕೂಡಿದರೆ ಪ್ರತಿ ಮೆಂಬರ್ ತನ್ನ ಎರಡು ತುದಿಗಳಿಂದ ಎರಡು ಸಲ ಎಣಿಕೆಗೆ ಬರುವುದರಿಂದ ಮೊತ್ತ 2m. ಜಾಯಿಂಟ್‌ಗೆ ಒಂದರಂತೆ ತೆಗೆದರೆ ಒಟ್ಟು ರಿಲೀಸ್ 2m − j. ಇದನ್ನು ಫ್ರೇಮಿನ ಸೂತ್ರದಿಂದ ಕಳೆಯಿರಿ:

3m + r − 3j − (2m − j) = m + r − 2j

ಹೀಗಾಗಿ ಕೆಲವು ಭಾಗ ಟ್ರಸ್, ಕೆಲವು ಭಾಗ ಫ್ರೇಮ್ ಆಗಿರುವ ಮಿಶ್ರ ಸ್ಟ್ರಕ್ಚರ್ ಬಂದಾಗ ಯಾವ ಸೂತ್ರ ಹಾಕುವುದೆಂದು ತಡಕಾಡುವ ಅಗತ್ಯವಿಲ್ಲ. ಎಲ್ಲವನ್ನೂ ಫ್ರೇಮ್ ಎಂದೇ ಎಣಿಸಿ, ರಿಲೀಸ್‌ಗಳನ್ನು ಒಂದೊಂದಾಗಿ ಕಳೆದರೆ ಸಾಕು.

ನಿಮ್ಮ ಮೂರನೆಯ ಪ್ರಶ್ನೆಯೇ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ. ಮೇಲಿನ ಫ್ರೇಮಿನಲ್ಲೇ ಸಿ, ಡಿ, ಇ, ಎಫ್ ನಾಲ್ಕೂ ಕಡೆ ಪೂರ್ಣ ಹಿಂಜ್ ಕೊಡಿ. ಸಿ ಮತ್ತು ಡಿ ಯಲ್ಲಿ ಎರಡೆರಡು, ಇ ಮತ್ತು ಎಫ್‌ನಲ್ಲಿ ಒಂದೊಂದು, ಒಟ್ಟು 6 ಕಳೆದರೆ ಉತ್ತರ ಸೊನ್ನೆ. ಆದರೆ ಇದು ಡಿಟರ್ಮಿನೇಟ್ ಅಲ್ಲ, ನಿಲ್ಲುವುದೂ ಇಲ್ಲ. ಕೆಳ ಅಂತಸ್ತನ್ನು ಮಾತ್ರ ನೋಡಿದರೆ ಬುಡ ಫಿಕ್ಸ್ ಆದ ಎರಡು ಕ್ಯಾಂಟಿಲಿವರ್ ಕಂಬಗಳು ತಾವೇ ನಿಂತಿವೆ, ಅವುಗಳ ನಡುವೆ ಸಿ-ಡಿ ಎಂಬ ಒಂದು ಕೊಂಡಿ ಹೆಚ್ಚಾಗಿದೆ. ಅಲ್ಲಿ 9 + 6 − 12 − 2, ಅಂದರೆ 1 ಹೆಚ್ಚುವರಿ. ಮೇಲಂತಸ್ತಿನಲ್ಲಿ ಇ ಮತ್ತು ಎಫ್‌ಗಳಿಗೆ ಬೇಕಾದ ನಾಲ್ಕು ಸಮೀಕರಣಗಳಿಗೆ ಮೂರೇ ಕೊಂಡಿಗಳಿವೆ. ಅಲ್ಲಿ 1 ಕೊರತೆ. ಕೆಳಗಿನ ಹೆಚ್ಚುವರಿ ಮೇಲಿನ ಕೊರತೆಯನ್ನು ಕಾಗದದ ಮೇಲೆ ಮುಚ್ಚಿಹಾಕಿತು. ಇ ಬಿಂದುವಿಗೆ ಅಡ್ಡಲಾಗಿ ಸ್ವಲ್ಪ ಬಲ ಕೊಟ್ಟರೂ ಮೇಲಿನ ಚೌಕಟ್ಟು ಒಂದೇ ಬದಿಗೆ ವಾಲಿ ಬೀಳುತ್ತದೆ.

ಇಲ್ಲಿ ಎರಡೂ ತುದಿ ಪಿನ್ ಆಗಿರುವ ಒಂದು ಕರ್ಣದ ಕಡ್ಡಿಯನ್ನು ಸೇರಿಸೋಣ. ಸಿ ಯಿಂದ ಎಫ್‌ಗೆ ಹಾಕಿದರೆ 7 ಮೆಂಬರ್‌ಗಳು, ರಿಲೀಸ್ 3 + 2 + 1 + 2 = 8, ಉತ್ತರ 21 + 6 − 18 − 8 = 1. ಅದೇ ಕಡ್ಡಿಯನ್ನು ಎ ಯಿಂದ ಡಿ ಗೆ ಹಾಕಿದರೂ ಉತ್ತರ 1 ಆಗಿಯೇ ಬರುತ್ತದೆ. ಎ ಯಲ್ಲಿ ಕಂಬ ಫಿಕ್ಸ್ ಆಗಿ ಉಳಿದು ಕಡ್ಡಿಯ ತುದಿ ಮಾತ್ರ ಪಿನ್ ಆಗಿರುವುದರಿಂದ ಅಲ್ಲಿ 1, ಡಿ ಯಲ್ಲಿ 3, ಸಿ ಯಲ್ಲಿ 2, ಇ ಮತ್ತು ಎಫ್‌ನಲ್ಲಿ ಒಂದೊಂದು. ಸಂಖ್ಯೆ ಒಂದೇ, ಆದರೆ ಮೊದಲನೆಯದು ನಿಲ್ಲುತ್ತದೆ, ಎರಡನೆಯದರಲ್ಲಿ ಕೆಳಗೆ 2 ಹೆಚ್ಚುವರಿ ಇದ್ದೂ ಮೇಲಂತಸ್ತು ಮೊದಲಿನಂತೆಯೇ ವಾಲುತ್ತದೆ. ಉತ್ತರ ಋಣವಾಗಿದ್ದರೆ ಅಸ್ಥಿರವೆಂದು ಖಚಿತವಾಗಿ ಹೇಳಬಹುದು. ಸೊನ್ನೆ ಅಥವಾ ಧನವಾಗಿದ್ದರೆ ಸ್ಥಿರತೆಯನ್ನು ಬೇರೆಯಾಗಿ ನೋಡಲೇಬೇಕು.

ಅದನ್ನು ನೋಡಲು ನಾನು ಎಣಿಕೆಯನ್ನು ಆಧಾರದಿಂದ ಮೇಲಕ್ಕೆ ಭಾಗ ಭಾಗವಾಗಿ ಮಾಡುತ್ತೇನೆ, ಮತ್ತು ಬಂದ ಸಂಖ್ಯೆಯಷ್ಟು ಬಲಗಳನ್ನು ನಿಜವಾಗಿಯೂ ತೆಗೆದುಹಾಕಿ ಉಳಿದದ್ದು ನಿಲ್ಲುತ್ತದೆಯೇ ಎಂದು ಪರೀಕ್ಷಿಸುತ್ತೇನೆ. ಸಿ-ಎಫ್ ಕರ್ಣವಿರುವ ಫ್ರೇಮಿನಲ್ಲಿ ಸಿ-ಡಿ ಕೊಂಡಿಯನ್ನು ತೆಗೆಯಿರಿ. ಎರಡು ಕ್ಯಾಂಟಿಲಿವರ್ ಕಂಬಗಳು ಸಿ ಮತ್ತು ಡಿ ಯನ್ನು ಹಿಡಿದಿವೆ, ಅವುಗಳಿಂದ ಬರುವ ಎರಡು ಕಡ್ಡಿಗಳು ಎಫ್ ಅನ್ನು ಹಿಡಿದಿವೆ, ಸಿ ಮತ್ತು ಎಫ್‌ನಿಂದ ಬರುವ ಎರಡು ಕಡ್ಡಿಗಳು ಇ ಯನ್ನು ಹಿಡಿದಿವೆ. ಉಳಿದದ್ದು ಡಿಟರ್ಮಿನೇಟ್ ಮತ್ತು ಸ್ಥಿರ. ಆದ್ದರಿಂದ ಅಲ್ಲಿ ಬಂದ 1 ಎಂಬ ಉತ್ತರ ಸರಿಯಾಗಿದೆ, ಸಿ-ಡಿ ಯ ಆಕ್ಸಿಯಲ್ ಬಲವನ್ನೇ ರಿಡಂಡೆಂಟ್ ಎಂದು ಆರಿಸಿಕೊಂಡು ಮುಂದಿನ ಲೆಕ್ಕಕ್ಕೆ ಹೋಗಬಹುದು.