ಮಲಗಿ ಏಳುವಷ್ಟರಲ್ಲಿ ಹಿಡಿದುಕೊಂಡ ಕತ್ತು

ಪ್ರಶ್ನೆ: ಬೆಳಿಗ್ಗೆ ಎದ್ದಾಗಿನಿಂದ ಕತ್ತು ಬಲಕ್ಕೆ ತಿರುಗಿಸೋಕೇ ಆಗ್ತಿಲ್ಲ. ದಿಂಬನ್ನ ಬಿಸಿಲಿಗೆ ಹಾಕು, ಹೋಗುತ್ತೆ ಅಂತಾರೆ ಅಜ್ಜಿ. ಸಲೂನ್‌ನಲ್ಲಿ ಲಟಕ್ ಅನ್ನಿಸಿಕೊಂಡು ಬರಲಾ? ಇಲ್ಲಾ ಡಾಕ್ಟರ್ ಹತ್ತಿರ ಹೋಗಬೇಕಾ?

ಸಲೂನ್ ಖಂಡಿತ ಬೇಡ. ನಾನು ಫಿಸಿಯೋಥೆರಪಿಸ್ಟ್. ಹಿಡಿದುಕೊಂಡ ಕತ್ತನ್ನು ಝಟ್ ಅಂತ ತಿರುಗಿಸಿದರೆ ಸ್ನಾಯು ಹೆದರಿ ಇನ್ನಷ್ಟು ಬಿಗಿಯುತ್ತದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕತ್ತಿನ ಮೂಳೆಗಳನ್ನು ಹಾದೇ ಹೋಗುತ್ತವೆ. ಅಪರೂಪಕ್ಕೆ ಅವುಗಳ ಒಳಪದರ ಹರಿದು ಸ್ಟ್ರೋಕ್ ಆಗುವುದುಂಟು. ಅಜ್ಜಿಯ ದಿಂಬಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಇದನ್ನು ನೋಡಿಕೊಳ್ಳಿ. ಜ್ವರ ಇದೆಯಾ? ಜ್ವರ, ಜೋರು ತಲೆನೋವು, ವಾಂತಿ, ಬೆಳಕು ನೋಡಿದರೆ ಹಿಂಸೆ, ಗದ್ದವನ್ನು ಎದೆಗೆ ತಾಗಿಸಲು ಆಗದಷ್ಟು ಬಿಗಿತ, ಮಾತಿನಲ್ಲಿ ಗಲಿಬಿಲಿ: ಇವು ಜೊತೆಯಾಗಿ ಬಂದರೆ ಅದು ಮಿದುಳಿನ ಪೊರೆಯ ಸೋಂಕಾಗಿರಬಹುದು. ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಬಿದ್ದು ಅಥವಾ ಗಾಡಿ ಅಪಘಾತವಾಗಿ ಶುರುವಾದ ನೋವು, ಕೈಯಲ್ಲಿ ಶಕ್ತಿ ಇಲ್ಲದಿರುವುದು ಅಥವಾ ಜೋಮು, ಅಂಗಿ ಗುಂಡಿ ಹಾಕಲು ತಡವರಿಸುವುದು, ನಡೆಯುವಾಗ ತೂರಾಡುವುದು, ಮೂತ್ರ ಹಿಡಿತ ತಪ್ಪುವುದು ಇದ್ದರೂ ಅಷ್ಟೇ. ಎದೆ ಹಿಂಡಿದಂತಾಗಿ ಬೆವರು ಬಂದರೆ, ಮಾತು ತೊದಲಿದರೆ, ಎರಡೆರಡು ಕಂಡರೆ 108ಕ್ಕೆ ಫೋನ್ ಮಾಡಿ. ವಾಂತಿಗೋ ಮಾನಸಿಕ ಕಾಯಿಲೆಗೋ ಹೊಸ ಮಾತ್ರೆ ಶುರು ಮಾಡಿದ ಮೇಲೆ ಕತ್ತು ತಾನಾಗಿ ಒಂದು ಕಡೆ ತಿರುಚಿಕೊಂಡರೂ ಅದೇ ದಿನ ಡಾಕ್ಟರಿಗೆ ತೋರಿಸಿ.

ಇವು ಯಾವುದೂ ಇಲ್ಲ, ಸುಮ್ನೆ ಒಂದು ಕಡೆ ಹಿಡಿದಿದೆ ಅಂದರೆ ಮನೆಯಲ್ಲೇ ನೋಡಿಕೊಳ್ಳಬಹುದು.

ಕಳೆದ ವರ್ಷ ನನಗೇ ಹೀಗಾಯಿತು. ರಾತ್ರಿ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಮಲಗಿದ್ದೆ. ಇಳಿಯುವಾಗ ಎಡಕ್ಕೆ ಕಾಲು ಭಾಗವೂ ತಿರುಗುತ್ತಿರಲಿಲ್ಲ. ಬೆನ್ನಿನ ಹಲಗೆ ಮೂಳೆಯ ಮೇಲ್ಮೂಲೆಯಿಂದ ಕತ್ತಿಗೆ ಏರುವ ಸ್ನಾಯು ಒಂದಿದೆ. ಬೆರಳಿಟ್ಟರೆ ಹಗ್ಗದ ಹಾಗೆ ಸಿಕ್ಕಿತು. ಎಷ್ಟೋ ಸಲ ಜಾಸ್ತಿ ನೋಯುವುದು ಇದೇ.

ಮನೆಗೆ ಬಂದು ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ ಆ ಜಾಗಕ್ಕೆ 15 ನಿಮಿಷ ಇಟ್ಟೆ. ಕುದಿಯುವ ನೀರು ತುಂಬಬಾರದು, ಚೀಲದ ಮೇಲೆ ಮಲಗಲೂಬಾರದು. ಮನೆಯಲ್ಲಿ ಬಿಸಿ ಉಪ್ಪಿನ ಗಂಟಿನ ಶಾಖ ಕೊಡುತ್ತಾರಲ್ಲ, ಅದೂ ಆಗುತ್ತದೆ, ಆದರೆ ಮೊದಲು ಮುಂಗೈಗೆ ಮುಟ್ಟಿಸಿ ನೋಡಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ.

ಶಾಖ ಕೊಟ್ಟ ಕೂಡಲೇ ಅಂಗಾತ ಮಲಗಿದೆ. ತಲೆಯ ಭಾರ ದಿಂಬಿನ ಮೇಲಿದ್ದರೆ ಸ್ನಾಯುವಿಗೆ ಕೆಲಸ ಕಡಿಮೆ. ಮೊದಲು ನೋವಿಲ್ಲದ ಕಡೆಗೆ ತಲೆಯನ್ನು ನಿಧಾನಕ್ಕೆ ಉರುಳಿಸಿದೆ, ಆಮೇಲೆ ನೋವಿನ ಕಡೆಗೆ. ಎಳೆತ ಶುರುವಾಗುವ ಜಾಗದಲ್ಲಿ ನಿಲ್ಲಬೇಕು, ನೋವು ಚುಚ್ಚುವವರೆಗೆ ಹೋಗಬಾರದು. ಮೂರು ನಾಲ್ಕು ಸೆಕೆಂಡ್ ನಿಂತು ವಾಪಸ್. ಹೀಗೆ ಐದು ಸಲ, ಎರಡು ಗಂಟೆಗೊಮ್ಮೆ. ತಲೆಯನ್ನು ಗಿರಕಿ ತಿರುಗಿಸುವ ವ್ಯಾಯಾಮ ಈಗ ಬೇಡ.

ಎರಡನೇ ದಿನ ಅರ್ಧ ತಿರುಗಿತು. ಕೂತುಕೊಂಡೇ ಮಾಡಿದೆ, ಭುಜಗಳನ್ನೂ ಹಿಂದಕ್ಕೆ ಸುತ್ತಿಸಿದೆ. ಮೂರನೇ ದಿನ ನೋವಿಲ್ಲದ ಕಡೆಯ ಕಂಕುಳನ್ನು ನೋಡುವ ಹಾಗೆ ತಲೆ ಬಗ್ಗಿಸಿ 15 ಸೆಕೆಂಡ್ ಹಿಡಿದೆ. ಐದನೇ ದಿನಕ್ಕೆ ನೋವು ಮರೆತೇಹೋಗಿತ್ತು. ಅಲ್ಲಿಯವರೆಗೆ ಸ್ಕೂಟರ್ ಮುಟ್ಟಲಿಲ್ಲ, ಹಿಂದೆ ಬರುವ ಗಾಡಿ ನೋಡಲು ಆಗಬೇಕಲ್ವಾ? ನಿಮಗೆ ಒಂದು ವಾರವಾದರೂ ಕಡಿಮೆಯಾಗದಿದ್ದರೆ, ಅಥವಾ ರಾತ್ರಿ ಮಲಗಿದರೆ ನೋವು ಏರುತ್ತಿದ್ದರೆ ತೋರಿಸಿ.

ಇನ್ನು ದಿಂಬು. ಮಗ್ಗುಲಾಗಿ ಮಲಗುವವರಿಗೆ ಕಿವಿಗೂ ಭುಜದ ತುದಿಗೂ ನಡುವಿನ ಸಂದು ತುಂಬುವಷ್ಟು ಎತ್ತರ ಬೇಕು. ನೀವು ಮಲಗಿದಾಗ ಮನೆಯವರಿಂದ ಮುಂದಿನಿಂದ ಒಂದು ಫೋಟೋ ತೆಗೆಸಿ. ಮೂಗು ಎದೆಯ ನಡುಗೆರೆಯ ನೇರಕ್ಕಿರಬೇಕು. ಹಾಸಿಗೆಯ ಕಡೆ ಜೋತಿದ್ದರೆ ದಿಂಬಿನ ಕೆಳಗೆ ಮಡಚಿದ ಟವೆಲ್ ಇಡಿ, ಮೇಲಕ್ಕೆ ಎದ್ದಿದ್ದರೆ ದಿಂಬು ಎತ್ತರವಾಯಿತು. ಅಂಗಾತ ಮಲಗುವವರಿಗೆ ಇದಕ್ಕಿಂತ ತೆಳ್ಳಗಿರಲಿ. ಬೋರಲು ಮಲಗಿದರೆ ಕತ್ತು ಗಂಟೆಗಟ್ಟಲೆ ಒಂದೇ ಕಡೆ ತಿರುಗಿರುತ್ತದೆ, ಅದಕ್ಕೆ ಯಾವ ದಿಂಬೂ ಪರಿಹಾರವಲ್ಲ.

ಅಜ್ಜಿ ಹೇಳಿದಂತೆ ಬಿಸಿಲಿಗೂ ಹಾಕಿ. ನೋವು ನಾಲ್ಕೈದು ದಿನದಲ್ಲಿ ಹೇಗೂ ಹೋಗುತ್ತದೆ, ಹೆಸರು ದಿಂಬಿಗೆ ಬರುತ್ತದೆ. ಆದರೆ ಹತ್ತಿ ದಿಂಬಾದರೆ ಒಂದು ಮಾತು: ಬಿಸಿಲು ಕಂಡ ಹತ್ತಿ ಉಬ್ಬುತ್ತದೆ. ಆ ರಾತ್ರಿ ಫೋಟೋ ಇನ್ನೊಮ್ಮೆ ತೆಗೆಸಿ.