ನಿಫ್ಟಿ ಆಪ್ಷನ್‌ನಲ್ಲಿ ಅಸಲು ಹುಟ್ಟುವ ಬೆಲೆ: ಒಂದು ಲಾಟಿನ ಲೆಕ್ಕ

ಪ್ರಶ್ನೆ: 2025ರ ಜುಲೈಯಲ್ಲಿ ನಿಫ್ಟಿ ಕಾಲ್ ಒಂದು ಲಾಟ್ (75) 40 ರೂಪಾಯಿಗೆ ತೆಗೆದುಕೊಂಡು ಅದೇ ದಿನ 40.50ಕ್ಕೆ ಮಾರಿದೆ. ಆ್ಯಪ್ 37.50 ಲಾಭ ತೋರಿಸಿತು, ಖಾತೆಯಲ್ಲಿ ಮಾತ್ರ ಹಣ ಕಡಿಮೆಯಾಗಿದೆ. ನಾನಿರುವುದು ಬದಿಯಡ್ಕದಲ್ಲಿ, ಬ್ರೋಕರ್ ಬೆಂಗಳೂರಿನವರು, ಆರ್ಡರಿಗೆ 20 ರೂಪಾಯಿ. ಎಷ್ಟಕ್ಕೆ ಮಾರಿದ್ದರೆ ಅಸಲು ಹುಟ್ಟುತ್ತಿತ್ತು? ಕೇರಳದ ವಿಳಾಸದಿಂದ ತೆರಿಗೆ ಹೆಚ್ಚು ಬೀಳುತ್ತದೆಯೇ?

ಉತ್ತರ: ನೀವು 40.75ಕ್ಕೆ ಮಾರಬೇಕಿತ್ತು. ಲೆಕ್ಕ ನಿಲ್ಲುವುದು 40.70ಕ್ಕಿಂತ ಅರ್ಧ ಪೈಸೆ ಮೇಲೆ. ಬೆಲೆ ಐದೈದು ಪೈಸೆಯಂತೆ ಏರುವುದರಿಂದ ಮುಂದಿನ ಮೆಟ್ಟಿಲು 40.75. ನಾನೂ ಕಾಸರಗೋಡಿನವನೇ; ಬ್ರೋಕರ್ ಕಳಿಸುವ ಲೆಕ್ಕದ ಚೀಟಿಗಳಾದ ಕಾಂಟ್ರಾಕ್ಟ್ ನೋಟುಗಳನ್ನು ಇದೇ ಕ್ರಮದಲ್ಲಿ ತಾಳೆ ನೋಡುತ್ತೇನೆ.

ನಿಮ್ಮ ಖರೀದಿ 3,000 ರೂಪಾಯಿ, ಮಾರಾಟ 3,037.50. ಕೊಳ್ಳುವಾಗ ಇಪ್ಪತ್ತು, ಮಾರುವಾಗ ಇಪ್ಪತ್ತು ಸೇರಿ ಬ್ರೋಕರೇಜ್ 40 ರೂಪಾಯಿ. ಎಕ್ಸ್‌ಚೇಂಜಿನ ಶುಲ್ಕ ಎರಡೂ ಬದಿಯ ಪ್ರೀಮಿಯಂ, ಅಂದರೆ ಆಪ್ಷನ್ನಿನ ಬೆಲೆಯ ಮೊತ್ತದ ಮೇಲೆ ಲಕ್ಷಕ್ಕೆ ಸುಮಾರು 35 ರೂಪಾಯಿಯಂತೆ ಬೀಳುವುದರಿಂದ 2.11 ಆಗುತ್ತದೆ, ಸೆಬಿ ಶುಲ್ಕ ಒಂದು ಪೈಸೆ. ಈ ಮೂರರ ಮೊತ್ತದ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 7.58. ಶೇರುಪೇಟೆಯ ವ್ಯವಹಾರದ ಮೇಲಿನ ತೆರಿಗೆಯಾದ ಎಸ್‌ಟಿಟಿ ಮಾರುವ ಬದಿಗೆ ಮಾತ್ರ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದು ನಿಮ್ಮ ವ್ಯವಹಾರದ ದಿನ ಇದ್ದ ದರ ಪ್ರೀಮಿಯಂನ ಶೇ. 0.1 ಆದ್ದರಿಂದ ಅದು ಮೂರು ರೂಪಾಯಿ. ಕೊಳ್ಳುವ ಬದಿಯ ಸ್ಟಾಂಪ್ ಡ್ಯೂಟಿ ಒಂಬತ್ತು ಪೈಸೆ. ಎಲ್ಲ ಕೂಡಿದರೆ ಸುಮಾರು 52.80. ಇದರಲ್ಲಿ 37.50 ಕಳೆದರೆ ಕೈಬಿಟ್ಟದ್ದು 15.30, ನಿಮ್ಮ ಖಾತೆಯಲ್ಲೂ ಸರಿಸುಮಾರು ಅಷ್ಟೇ ಕಡಿಮೆಯಾಗಿರಬೇಕು. ಪೈಸೆಗಳನ್ನು ರೂಪಾಯಿಗೆ ಸರಿಪಡಿಸುವಾಗ ಚೂರುಪಾರು ವ್ಯತ್ಯಾಸ ಬರಬಹುದು.

ಈ 52.80ರಲ್ಲಿ 47.20 ರೂಪಾಯಿ ಬ್ರೋಕರೇಜ್ ಮತ್ತು ಅದರ ಜಿಎಸ್‌ಟಿ ಎಂಬುದನ್ನು ದಯವಿಟ್ಟು ಗಮನಿಸಿ. ಜನ ದೂರುವುದು ಎಸ್‌ಟಿಟಿಯನ್ನು. ಸಣ್ಣ ವ್ಯವಹಾರದಲ್ಲಿ ಅಸಲನ್ನು ಮೇಲಕ್ಕೆ ಎತ್ತುವುದು ಈ ಸ್ಥಿರ ಮೊತ್ತ. ಒಂದು ಗೋಣಿ ಅಡಿಕೆ ಹೇರಿದರೂ ಹತ್ತು ಗೋಣಿ ಹೇರಿದರೂ ಪಿಕಪ್ಪಿನ ಬಾಡಿಗೆ ಒಂದೇ ಇರುವ ಹಾಗೆ, ಈ 47.20ನ್ನು 75ರಿಂದ ಭಾಗಿಸಿದರೆ ಒಂದಕ್ಕೆ 63 ಪೈಸೆ ಬೀಳುತ್ತದೆ, ಒಂದೇ ಆರ್ಡರಿನಲ್ಲಿ ಎರಡು ಲಾಟ್ ತೆಗೆದುಕೊಂಡರೆ ಸುಮಾರು 31 ಪೈಸೆಗೆ ಇಳಿಯುತ್ತದೆ. ಪ್ರೀಮಿಯಂಗೆ ತಕ್ಕಂತೆ ಏರಿಳಿಯುವ ಉಳಿದ ಭಾಗ 40 ರೂಪಾಯಿಯ ಕಾಲ್‌ಗೆ ಏಳೂವರೆ ಪೈಸೆ ಮಾತ್ರ. ಆದ್ದರಿಂದಲೇ ಅಂದಿನ ದರದಲ್ಲಿ 5 ರೂಪಾಯಿಯ ಕಾಲ್ 75ರ ಒಂದು ಲಾಟ್ ಕೊಂಡವರಿಗೆ ಬೆಲೆ ಶೇ. 13ರಷ್ಟು ಏರುವ ತನಕ ಅಸಲು ಹುಟ್ಟುವುದಿಲ್ಲ. 200 ರೂಪಾಯಿಯ ಕಾಲ್‌ಗೆ ಶೇ. ಅರ್ಧ ಸಾಕು. ಇದಕ್ಕಾಗಿ ಲಾಟ್ ಹೆಚ್ಚಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ, ಏಕೆಂದರೆ ಮುಳುಗಬಹುದಾದ ಪ್ರೀಮಿಯಂ ಕೂಡ ಅಷ್ಟೇ ಪಟ್ಟು ಹೆಚ್ಚುತ್ತದೆ.

ಸ್ಪ್ರೆಡ್‌ಶೀಟಿನಲ್ಲಿ B2ರಲ್ಲಿ ಕೊಂಡ ಬೆಲೆ, C2ರಲ್ಲಿ ಒಟ್ಟು ಸಂಖ್ಯೆ ಬರೆದು ಈ ಸೂತ್ರ ಹಾಕಿ:

```
=(B2*1.000445+47.2/C2)/0.998585
```

47.2 ಎಂಬುದು ಒಂದು ಖರೀದಿ ಆರ್ಡರ್, ಒಂದು ಮಾರಾಟದ ಆರ್ಡರ್ ಎಂಬ ಎಣಿಕೆ. ಒಂದೇ ಆರ್ಡರ್ ತುಂಡುತುಂಡಾಗಿ ಪೂರೈಸಲ್ಪಟ್ಟರೆ ಹೆಚ್ಚಿನ ಬ್ರೋಕರೇಜ್ ಇಲ್ಲ. ಎರಡು ಲಾಟನ್ನು ನೀವೇ ಎರಡು ಆರ್ಡರಾಗಿ ಮಾರಿದರೆ 23.60 ಕೂಡಿಸಬೇಕು. 1.000445 ಮತ್ತು 0.998585 ಅಂದಿನ ದರಗಳಿಂದ ಬಂದವು. ಎಸ್‌ಟಿಟಿ ಬದಲಾದಾಗ ಎರಡನೆಯದು ಬದಲಾಗುತ್ತದೆ, ಆದುದರಿಂದ ಹೊಸ ಕಾಂಟ್ರಾಕ್ಟ್ ನೋಟಿನ ದರವನ್ನೇ ಹಿಡಿಯಿರಿ.

ಕೇರಳದ ವಿಳಾಸದಿಂದ ಹೆಚ್ಚೇನೂ ಬೀಳುವುದಿಲ್ಲ. 2020ರ ಜುಲೈ 1ರ ಮೊದಲು ಸ್ಟಾಂಪ್ ಡ್ಯೂಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿತ್ತು, ಈಗ ದೇಶಕ್ಕೆಲ್ಲ ಒಂದೇ ದರ. ಬೆಂಗಳೂರಿನ ನೋಂದಣಿಯಿಂದ ಬಿಲ್ ಮಾಡುವ ಬ್ರೋಕರ್ ನಿಮಗೆ ಶೇ. 18 ಐಜಿಎಸ್‌ಟಿ ಎಂದು ತೋರಿಸುತ್ತಾರೆ. ಮಂಗಳೂರಿನಲ್ಲಿರುವ ಗ್ರಾಹಕರಿಗೆ ಅದೇ ಮೊತ್ತ ಶೇ. ಒಂಬತ್ತು, ಒಂಬತ್ತಾಗಿ ಎರಡು ಸಾಲಿನಲ್ಲಿ ಬರುತ್ತದೆ. ಇನ್ನು ಆದಾಯ ತೆರಿಗೆ ಬೀಳುವುದು ವರ್ಷದ ನಿವ್ವಳ ವ್ಯಾಪಾರ ಲಾಭದ ಮೇಲೆ. ಬ್ರೋಕರೇಜನ್ನೂ ಎಸ್‌ಟಿಟಿಯನ್ನೂ ಖರ್ಚಾಗಿ ಕಳೆಯಬಹುದು, ಅಸಲಿನ ಬಿಂದುವಿನಲ್ಲಿ ಲಾಭವೇ ಇಲ್ಲದ್ದರಿಂದ ಈ ತೆರಿಗೆ ಆ ಬಿಂದುವನ್ನು ಅಲುಗಿಸುವುದಿಲ್ಲ.

ಕಾಂಟ್ರಾಕ್ಟ್ ನೋಟಿನಲ್ಲಿ ಎಲ್ಲಿಯೂ ಕಾಣದ ಖರ್ಚು ಒಂದಿದೆ: ಕೊಳ್ಳುವವರು ಕೊಡಲೊಪ್ಪುವ ಬೆಲೆಗೂ ಮಾರುವವರು ಕೇಳುವ ಬೆಲೆಗೂ ನಡುವಿನ ಅಂತರ. ಪರದೆಯಲ್ಲಿ ಕೊನೆಯ ವ್ಯವಹಾರದ ಬೆಲೆ 40.80 ಎಂದಿದ್ದರೂ ಕೊಳ್ಳುವವರ ಸಾಲಿನಲ್ಲಿ 40.60 ಇದ್ದರೆ, ಮಾರ್ಕೆಟ್ ಆರ್ಡರ್ ಹಾಕಿದ ನಿಮಗೆ ಸಿಗುವುದು 40.60, ಅಂದರೆ ಏಳೆಂಟು ರೂಪಾಯಿ ನಷ್ಟ. ಮಾರುವ ಮುನ್ನ ಆ ಸಾಲನ್ನು ನೋಡಿ 40.75ಕ್ಕೆ ಲಿಮಿಟ್ ಆರ್ಡರ್ ಹಾಕಿ. ಅದು ಪೂರೈಸದೆ ಬೆಲೆ ಕೆಳಗಿಳಿಯುವ ಅಪಾಯ ಮಾತ್ರ ಉಳಿದೇ ಇರುತ್ತದೆ.