ಅಮ್ಮನ ಕೀಪ್ಯಾಡ್ ಫೋನಿಗೆ 65 ವ್ಯಾಟ್ ಚಾರ್ಜರ್

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಚಾರ್ಜರ್ 65 ವ್ಯಾಟಿನದು. ಊರಿಗೆ ಹೋದಾಗ ಅಮ್ಮನ ಸಣ್ಣ ಫೋನಿಗೂ ಅದನ್ನೇ ಹಾಕಬಹುದಾ? ಬ್ಯಾಟರಿ ಸುಟ್ಟು ಹೋಗಲ್ವಾ?

ಟೈಪ್-ಸಿ ಚಾರ್ಜರ್ ಆದರೆ ಧಾರಾಳವಾಗಿ ಹಾಕಿ. ಹಳೇ ಗುಂಡು ಪಿನ್ನಿನ ಚಾರ್ಜರ್ ಆದರೆ ಬೇಡವೇ ಬೇಡ. ನಿಮ್ಮದು ಯಾವುದು ಅಂತ ಬರೆದಿಲ್ಲ, ಹಾಗಾಗಿ ಎರಡನ್ನೂ ಹೇಳುತ್ತೇನೆ. ಸಾಗರದಲ್ಲಿ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ ಇದೆ. ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ.

65 ವ್ಯಾಟ್ ಅಂದರೆ ಚಾರ್ಜರ್ ಜಾಸ್ತಿ ಅಂದರೆ ಎಷ್ಟು ಕೊಡಬಲ್ಲದು ಅನ್ನುವ ಲೆಕ್ಕ ಅಷ್ಟೇ. ಮದುವೆ ಮನೆಯಲ್ಲಿ ಹಂಡೆ ತುಂಬಾ ಸಾರು ಇದ್ದರೂ ಎಲೆಗೆ ಬೀಳುವುದು ನಾವು ಕೇಳಿದಷ್ಟೇ ಅಲ್ವಾ? ಕರೆಂಟ್ ಎಷ್ಟು ಎಳೆಯಬೇಕು ಅಂತ ತೀರ್ಮಾನ ಮಾಡುವುದು ಫೋನಿನ ಒಳಗಿನ ಚಾರ್ಜಿಂಗ್ ಐಸಿ ಅನ್ನುವ ಪುಟ್ಟ ಚಿಪ್. ನಾವು ಹೆದರಬೇಕಾದದ್ದು ವ್ಯಾಟಿಗಲ್ಲ, ವೋಲ್ಟಿಗೆ.

ಟೈಪ್-ಸಿ ಚಾರ್ಜರಿನ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ 5 ವೋಲ್ಟ್, 9 ವೋಲ್ಟ್, 15 ವೋಲ್ಟ್, 20 ವೋಲ್ಟ್ ಅಂತ ಸಾಲಾಗಿ ಇರುತ್ತದೆ. 20 ನೋಡಿ ಗಾಬರಿ ಆಗಬೇಡಿ. ಆ ಚಾರ್ಜರ್ ಗೋಡೆಗೆ ಹಾಕಿದ ಕೂಡಲೇ ಕರೆಂಟ್ ಬಿಡುವುದೇ ಇಲ್ಲ. ಆಚೆ ತುದಿಯಲ್ಲಿ 5.1 ಕಿಲೋ ಓಮಿನ ಒಂದು ಪುಟ್ಟ ರೆಸಿಸ್ಟರ್ ಸಿಕ್ಕಿದರೆ ಮಾತ್ರ, ಯಾರೋ ಇದ್ದಾರೆ ಅಂತ ತಿಳಿದು 5 ವೋಲ್ಟ್ ಕೊಡುತ್ತದೆ. ಅದಕ್ಕಿಂತ ಮೇಲೆ ಹೋಗಬೇಕಾದರೆ ಫೋನೇ ಬಾಯಿಬಿಟ್ಟು ಕೇಳಬೇಕು. ಚಾರ್ಜರ್ ತನ್ನ ಪಟ್ಟಿ ಹೇಳುತ್ತದೆ, ಫೋನ್ ತನಗೆ ಆಗುವುದನ್ನು ಆರಿಸಿಕೊಳ್ಳುತ್ತದೆ. ಆ ಭಾಷೆಯೇ ಬಾರದ ಫೋನಿಗೆ 5 ವೋಲ್ಟ್ ಬಿಟ್ಟು ಬೇರೇನೂ ಸಿಗುವುದಿಲ್ಲ.

ಕಳೆದ ತಿಂಗಳು ನಮ್ಮಮ್ಮನ ಕೀಪ್ಯಾಡ್ ಫೋನನ್ನೇ ನನ್ನ 65 ವ್ಯಾಟ್ ಚಾರ್ಜರಿಗೆ ಹಾಕಿ, ನಡುವೆ ಯುಎಸ್‌ಬಿ ಮೀಟರ್ ಸಿಕ್ಕಿಸಿ ನೋಡಿದೆ. ಅದು ಹಳೇ ಮೈಕ್ರೋ ಯುಎಸ್‌ಬಿ ಫೋನ್. ಒಂದು ಕಡೆ ಟೈಪ್-ಸಿ, ಇನ್ನೊಂದು ಕಡೆ ಮೈಕ್ರೋ ಇರುವ ಕೇಬಲ್ ಬಳಸಿದೆ. ಒಳ್ಳೇ ಕೇಬಲ್ ಆದರೆ ಆ ರೆಸಿಸ್ಟರ್ ಅದರ ಟೈಪ್-ಸಿ ತಲೆಯೊಳಗೇ ಇರುತ್ತದೆ. ಮೀಟರಿನಲ್ಲಿ ಕಂಡದ್ದು 5.1 ವೋಲ್ಟ್, ಅರ್ಧ ಆಂಪಿಯರ್. ಅಂದರೆ ಸುಮಾರು ಎರಡೂವರೆ ವ್ಯಾಟ್! ಚಾರ್ಜ್ ತುಂಬುತ್ತಾ ಬಂದ ಹಾಗೆ ಅದೂ ಇಳಿಯುತ್ತಾ ಹೋಯಿತು. ಚಾರ್ಜರ್ ಬೆಚ್ಚಗೂ ಆಗಲಿಲ್ಲ.

ಕೆಲವು ಅಗ್ಗದ ಫೋನ್, ಟಾರ್ಚುಗಳಲ್ಲಿ ಟೈಪ್-ಸಿ ತೂತು ಇರುತ್ತದೆ, ಆದರೆ ಕಾಸು ಉಳಿಸಲು ಆ ರೆಸಿಸ್ಟರ್ ಹಾಕಿರುವುದಿಲ್ಲ. ಅಂಥವು ನಿಮ್ಮ ಚಾರ್ಜರಿಗೆ ಹಾಕಿದರೆ ಸುಮ್ನೆ ಸತ್ತಂತೆ ಬಿದ್ದಿರುತ್ತವೆ. ಹಾಳಾಗಿಲ್ಲ, ಕರೆಂಟೇ ಬಂದಿಲ್ಲ ಅಷ್ಟೇ. ಹಳೇ ಚಪ್ಪಟೆ ಯುಎಸ್‌ಬಿ ಚಾರ್ಜರಿಗೆ ಹಾಕಿದರೆ ಎದ್ದು ಕೂರುತ್ತವೆ.

ಈಗ ಗುಂಡು ಪಿನ್ನಿನ ವಿಷಯ. ಅದು ಯಾರನ್ನೂ ಕೇಳುವುದಿಲ್ಲ, ಯಾವಾಗಲೂ ಒಂದೇ ವೋಲ್ಟ್, ಸಾಮಾನ್ಯವಾಗಿ 19 ಅಥವಾ 19.5, ಬಿಡುತ್ತಲೇ ಇರುತ್ತದೆ. ಫೋನಿಗೆ ನೇರ ಹಾಕಲು ಬರುವುದಿಲ್ಲ, ಆದರೆ ಅದನ್ನು ಟೈಪ್-ಸಿ ಮಾಡುವ ಹೆಬ್ಬೆರಳಿನಷ್ಟು ಉದ್ದದ ಕನೆಕ್ಟರ್ ಸಿಗುತ್ತದೆ. ಅದು ಲ್ಯಾಪ್‌ಟಾಪಿಗೆಂದು ಮಾಡಿದ್ದು. ಅಗ್ಗದ್ದರಲ್ಲಿ ವೋಲ್ಟ್ ಇಳಿಸುವ ಏನೂ ಇರುವುದಿಲ್ಲ, ಬರೀ ತಂತಿ. ಒಬ್ಬ ಹುಡುಗ ಅದನ್ನು ಹಾಕಿ ತನ್ನ ಅಜ್ಜಿಯ ಫೋನ್ ತಂದಿದ್ದ. ಬಿಚ್ಚಿದಾಗಲೇ ಸುಟ್ಟ ವಾಸನೆ. ಚಾರ್ಜಿಂಗ್ ಐಸಿ ಮೇಲೆ ಸಾಸಿವೆಯಷ್ಟು ಗುಳ್ಳೆ ಎದ್ದಿತ್ತು, ಸುತ್ತ ಬೋರ್ಡ್ ಕಪ್ಪಾಗಿತ್ತು. ತಮಾಷೆ ಅಂದರೆ ಬ್ಯಾಟರಿ ಚೆನ್ನಾಗಿಯೇ ಇತ್ತು, 3.8 ವೋಲ್ಟ್ ತೋರಿಸಿತು. ಕೆಲವು ಫೋನುಗಳಲ್ಲಿ ಇಂಥ ಹೊಡೆತ ತಡೆಯುವ ವ್ಯವಸ್ಥೆ ಇರುತ್ತದೆ. ಸಣ್ಣ ಫೋನಿನಲ್ಲಿ ಅದನ್ನು ನಂಬಿ ಕೂರಬೇಡಿ.

ನಮ್ಮ ಮಲೆನಾಡಿನಲ್ಲಿ ನಾನು ನೋಡಿದ ಹೆಚ್ಚಿನ ಫೋನ್ ಸಾಯುವುದು ವ್ಯಾಟಿನಿಂದಲ್ಲ, ಸಿಡಿಲಿನಿಂದ ಮತ್ತು ನೀರಿನಿಂದ. ಮಳೆಯಲ್ಲಿ ತೋಟದಿಂದ ಬಂದವರು ಒದ್ದೆ ಫೋನನ್ನೇ ಚಾರ್ಜಿಗೆ ಹಾಕುತ್ತಾರೆ, ಪಿನ್ ಹಸಿರು ಕಟ್ಟಿಕೊಳ್ಳುತ್ತದೆ. ಇನ್ನು ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ ಕತ್ತರಿಸುವುದು ಒಂದೇ ತಂತಿಯನ್ನು. ಚಾರ್ಜರನ್ನೇ ಪ್ಲಗ್ಗಿನಿಂದ ಕಿತ್ತು ಇಡಲು ಅಮ್ಮನಿಗೆ ಹೇಳಿ.